ಅರ್ಧಚಂದ್ರದ ಕಲ್ಲಿನಲ್ಲಿ ಒಂದು ಆಯತ

ಅಡುಗೆಮನೆಯ ಮೂಲೆಯಲ್ಲಿ ನೀರಿನ ಕೊಡಗಳನ್ನಿಡಲು ಒಂದು ಗ್ರಾನೈಟ್ ಹಾಸು ಬೇಕಾಗಿದ್ದುದರಿಂದ, ಕುಷ್ಟಗಿಯ ಹೊರವಲಯದಲ್ಲಿರುವ ಕಲ್ಲು ಕತ್ತರಿಸುವ ಅಂಗಳವೊಂದಕ್ಕೆ ಹೋಗಿದ್ದೆ. ಗೋಡೆಗೆ ಅಂಟಿಸುವ ಮೇಜಿಗೆಂದು ಯಾರೋ ಮಾಡಿಸಿ, ಬಣ್ಣ ಒಪ್ಪದೆ ಬಿಟ್ಟುಹೋಗಿದ್ದ ಅರ್ಧಚಂದ್ರಾಕಾರದ ಕೆಂಪು ಕಲ್ಲೊಂದು ಅಲ್ಲಿ ಧೂಳು ಹಿಡಿದು ನಿಂತಿತ್ತು. ಅದರ ನೇರ ಅಂಚು ನಾಲ್ಕು ಅಡಿ, ನಡುವಿನ ಎತ್ತರ ಎರಡು ಅಡಿ. ಕಲ್ಲು ಕತ್ತರಿಸುವವರು ನಾನು ಗಣಿತದ ಶಿಕ್ಷಕನೆಂದು ತಿಳಿದವರಾದ್ದರಿಂದ, "ಮಾಸ್ತರ್ರ, ಇದನ್ನ ಕಡಿಮೀಗೆ ಕೊಡ್ತೀನ್ರಿ. ಆದ್ರ ಇದ್ರಾಗ ಎಷ್ಟ್ ದೊಡ್ಡ ಹಾಸು ಬರ್ತೈತಿ ಅನ್ನೋದನ್ನ ನೀವ ಲೆಕ್ಕ ಹಾಕಿ ಹೇಳ್ರಿ" ಎಂದರು.

ಮೊದಲು ಅದು ನಿಜವಾಗಿಯೂ ಅರ್ಧವೃತ್ತವೇ ಎಂದು ನೋಡಬೇಕಾಗಿತ್ತು. ನೇರ ಅಂಚಿನ ನಟ್ಟನಡುವೆ ಟೇಪಿನ ತುದಿಯನ್ನಿಟ್ಟು ಬಾಗಿದ ಅಂಚಿನ ಹಲವು ಕಡೆಗೆ ಎಳೆದು ಅಳೆದಾಗ, ಎಲ್ಲೆಡೆಯೂ 24 ಇಂಚು ಬಂದಿತು. ಒಂದು ವೇಳೆ ನಡುವಿನ ಎತ್ತರ 23 ಇಂಚು ಇದ್ದಿದ್ದರೆ, ಅದು ವೃತ್ತದ ಸರಿಯಾದ ಅರ್ಧವಲ್ಲದ ತುಂಡು. ಮುಂದೆ ಬರುವ ಲೆಕ್ಕ ಅದಕ್ಕೆ ಹಾಗೆಯೇ ಹೊಂದುವುದಿಲ್ಲ.

ಅವರ ಮನಸ್ಸಿನಲ್ಲಿ ಎರಡು ಯೋಚನೆಗಳಿದ್ದವು. ಉದ್ದ ಹೆಚ್ಚಿದ್ದರೆ ಕಲ್ಲೂ ಹೆಚ್ಚು ಸಿಗುತ್ತದೆ ಎಂಬುದು ಒಂದು. ಹಾಗಲ್ಲ, ಎತ್ತರವನ್ನೇ ಹೆಚ್ಚು ತೆಗೆದುಕೊಳ್ಳಬೇಕು ಎಂಬುದು ಇನ್ನೊಂದು. ಎರಡನ್ನೂ ಸೀಮೆಸುಣ್ಣದಿಂದ ಕಲ್ಲಿನ ಮೇಲೆಯೇ ಗೀಚಿದೆವು. ನೇರ ಅಂಚಿನ ಮೇಲೆ 40 ಇಂಚು ಉದ್ದ ಹಿಡಿದರೆ ನಡುವಿನಿಂದ ಎರಡೂ ಕಡೆಗೆ 20 ಇಂಚು ಆಗುತ್ತದೆ. ಅಲ್ಲಿಂದ ನೆಟ್ಟಗೆ ಮೇಲೇರಿದರೆ ಬಾಗಿದ ಅಂಚು ಸುಮಾರು 13.27 ಇಂಚಿಗೇ ಎದುರಾಗುತ್ತದೆ. ವಿಸ್ತೀರ್ಣ ಸುಮಾರು 531 ಚದರ ಇಂಚು. ಎತ್ತರವನ್ನು 20 ಇಂಚು ಹಿಡಿದರೆ ಉದ್ದ 26.53 ಇಂಚಿಗೆ ಇಳಿಯುತ್ತದೆ, ವಿಸ್ತೀರ್ಣ ಮತ್ತೆ ಅದೇ 531. ಅವರು ನನ್ನ ಕ್ಯಾಲ್ಕುಲೇಟರ್ ಕೆಟ್ಟಿದೆ ಎಂದುಕೊಂಡರು.

ಕೆಟ್ಟಿರಲಿಲ್ಲ. ಅರ್ಧ ಉದ್ದವನ್ನು x, ಎತ್ತರವನ್ನು y ಎಂದು ಕರೆದರೆ, ಆಯತದ ಮೇಲಿನ ಮೂಲೆ ಕೇಂದ್ರದಿಂದ ತ್ರಿಜ್ಯದಷ್ಟು ದೂರದಲ್ಲಿರುವುದರಿಂದ ಪೈಥಾಗೊರಸ್ ಪ್ರಮೇಯದಂತೆ x² + y² = r² ಆಗುತ್ತದೆ; ವಿಸ್ತೀರ್ಣ 2xy. ಈ ಎರಡರಲ್ಲಿಯೂ x ಮತ್ತು y ಜಾಗ ಬದಲಿಸಿಕೊಂಡರೆ ಏನೂ ಬದಲಾಗುವುದಿಲ್ಲ. ಹೀಗಾಗಿ ಪ್ರತಿಯೊಂದು ಉದ್ದನೆಯ ಆಯತಕ್ಕೂ ಅಷ್ಟೇ ವಿಸ್ತೀರ್ಣದ, ಎತ್ತರದ ಜೋಡಿಯೊಂದು ಇದ್ದೇ ಇರುತ್ತದೆ. ಆ ಜೋಡಿಗಳು ಒಂದಾಗುವ ಜಾಗ x = y.

ಗರಿಷ್ಠ ವಿಸ್ತೀರ್ಣ ಅಲ್ಲಿಯೇ ಇದೆ ಎಂದು ತೋರಿಸಲು ನಾವು ಪಿಯುಸಿಯಲ್ಲಿ ಅವಕಲನ ಮಾಡಿಸುತ್ತೇವೆ, ಆದರೆ ಅದರ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. (x − y)² ಎಂಬುದನ್ನು ಬಿಡಿಸಿದರೆ x² + y² − 2xy, ಅಂದರೆ r² − ವಿಸ್ತೀರ್ಣ. ತಿರುಗಿಸಿ ಬರೆದರೆ:

ವಿಸ್ತೀರ್ಣ = r² − (x − y)²

ವರ್ಗವೊಂದು ಸೊನ್ನೆಗಿಂತ ಕಡಿಮೆಯಾಗಲಾರದ ಕಾರಣ ವಿಸ್ತೀರ್ಣ r² ಅನ್ನು ಎಂದಿಗೂ ಮೀರದು, ಮತ್ತು x = y ಆದಾಗ ಅದನ್ನು ಮುಟ್ಟುತ್ತದೆ. ಆಗ ಎತ್ತರ r/√2, ಉದ್ದ r√2. ಉದ್ದವು ಎತ್ತರದ ಸರಿಯಾಗಿ ಎರಡು ಪಟ್ಟು. ನಮ್ಮ ಕಲ್ಲಿಗೆ ಇದು ಹೆಚ್ಚುಕಡಿಮೆ 34 ಇಂಚು ಉದ್ದ, 17 ಇಂಚು ಎತ್ತರ. ವಿಸ್ತೀರ್ಣ 576 ಚದರ ಇಂಚು, ಅಂದರೆ ನಾಲ್ಕು ಚದರ ಅಡಿ. ಅರ್ಧವೃತ್ತದ ಒಟ್ಟು ವಿಸ್ತೀರ್ಣದಲ್ಲಿ ಇದರ ಪಾಲು 2/π, ಸುಮಾರು ನೂರಕ್ಕೆ 64. ನೇರ ಅಂಚಿನ ಒಂದು ತುದಿ ಸ್ವಲ್ಪ ಒಡೆದಿತ್ತು, ಆದರೆ ಎರಡೂ ತುದಿಗಳಲ್ಲಿ ಏಳೇಳು ಇಂಚು ಹೇಗೂ ಬಿಟ್ಟುಹೋಗುವುದರಿಂದ ಅದರ ಚಿಂತೆ ಇರಲಿಲ್ಲ.

ಅಷ್ಟರಲ್ಲಿ ಅವರು ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದರು: "ಹಾಸನ್ನ ನೇರ ಅಂಚಿಗೇ ಯಾಕ ಹಚ್ಚಬೇಕ್ರಿ? ಸೊಟ್ಟ ಇಟ್ಟು ಕೊಯ್ದ್ರ ಜಾಸ್ತಿ ಬರಬಹುದಲ್ಲ?" ಪಠ್ಯಪುಸ್ತಕದ ಲೆಕ್ಕಗಳಲ್ಲಿ ಈ ಮಾತನ್ನು ಸಾಮಾನ್ಯವಾಗಿ ಮೊದಲೇ ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ಸೊಟ್ಟಗಿಟ್ಟ ಆಯತವೂ ನೇರ ಅಂಚಿನ ಒಂದೇ ಕಡೆಗೆ ಇರುವುದರಿಂದ ವೃತ್ತದ ಕೇಂದ್ರ ಅದರ ಒಳಗೆ ಬರುವುದಿಲ್ಲ. ಹಾಗಾದರೆ ಆಯತದ ನಾಲ್ಕು ಬದಿಗಳಲ್ಲಿ ಒಂದಾದರೂ ಕೇಂದ್ರವನ್ನು ತನ್ನ ಹೊರಮಗ್ಗುಲಿಗೆ ಬಿಟ್ಟಿರಬೇಕು ಅಥವಾ ಅದರ ಮೇಲೆಯೇ ಹಾದಿರಬೇಕು. ಆ ಬದಿಗೆ ಸಮಾನಾಂತರವಾಗಿ ಕೇಂದ್ರದ ಮೂಲಕ ಹೊಸ ವ್ಯಾಸವೊಂದನ್ನು ಎಳೆದು, ಆಯತವನ್ನು ಆ ವ್ಯಾಸದವರೆಗೆ ಬೆಳೆಸಿದರೆ ಅದು ವೃತ್ತದ ಹೊರಗೆ ಹೋಗುವುದಿಲ್ಲ, ಏಕೆಂದರೆ ಹೊಸ ಮೂಲೆಗಳು ಎದುರಿನ ಮೂಲೆಗಳಿಗಿಂತ ಕೇಂದ್ರಕ್ಕೆ ಹತ್ತಿರವೇ ಇರುತ್ತವೆ. ಈಗ ಅದು ತಿರುಗಿಸಿದ ಅರ್ಧವೃತ್ತವೊಂದರ ವ್ಯಾಸದ ಮೇಲೆ ಕುಳಿತ ಆಯತವೇ ಆಯಿತು. ಅದರ ಎರಡೂ ಮಗ್ಗುಲು ಕೇಂದ್ರದಿಂದ ಸಮದೂರದಲ್ಲಿ ಇರದಿದ್ದರೂ, ಯಾವ ಮಗ್ಗುಲೂ ಆ ಎತ್ತರಕ್ಕೆ ಸಲ್ಲುವ x ಅನ್ನು ಮೀರದು; ಆದ್ದರಿಂದ r² ಎಂಬ ಮಿತಿ ಅದಕ್ಕೂ ಅನ್ವಯಿಸುತ್ತದೆ. ಇದನ್ನು ರಟ್ಟಿನ ತುಂಡೊಂದನ್ನು ಕಲ್ಲಿನ ಮೇಲೆ ತಿರುಗಿಸಿ ತೋರಿಸಿದಾಗ ಅವರು ತಲೆದೂಗಿದರು.

ಗುರುತು ಹಾಕುವುದು ಸುಲಭವಾಗಿತ್ತು. ಕೇಂದ್ರದಿಂದ ಎರಡೂ ಕಡೆಗೆ 17 ಇಂಚು ಅಳೆದು, ಮೂಲೆಮಟ್ಟ ಇಟ್ಟು ಗೆರೆ ಎಳೆದು, ಕರ್ಣಗಳೆರಡೂ 38 ಇಂಚು ಬಂದುದನ್ನು ನೋಡಿಕೊಂಡೆವು. ಕತ್ತರಿಸುವ ಚಕ್ರದ ದಪ್ಪ ಗೆರೆಯ ಹೊರಗೆ ಬೀಳುವಂತೆ ಹಿಡಿಯಬೇಕೆಂಬುದನ್ನು ಅವರಿಗೆ ಹೇಳುವ ಅಗತ್ಯವಿರಲಿಲ್ಲ. ಆದರೆ ಚಕ್ರಕ್ಕೆ ನೀರು ಬಿಡುವ ಮೊದಲು ಅವರೇ ಬಾಗಿದ ಅಂಚಿನ ಮೇಲೆ ಬೆರಳಾಡಿಸಿ ತಡೆದರು. ಮೇಜಿಗೆಂದು ಮಾಡಿದ ಕಲ್ಲಾದ್ದರಿಂದ ಆ ಅಂಚನ್ನು ಗುಂಡಗೆ ಉಜ್ಜಲಾಗಿತ್ತು. ಮೇಲ್ಮೈ ಸಮತಟ್ಟಾಗಿರುವುದು ಕೇಂದ್ರದಿಂದ 23.5 ಇಂಚಿನವರೆಗೆ ಮಾತ್ರ. ನಾವು ಗುರುತಿಸಿದ ಮೂಲೆಗಳೆರಡೂ ಆ ಇಳಿಜಾರಿನ ಮೇಲೆ ಬಿದ್ದಿದ್ದವು.

ತ್ರಿಜ್ಯ 23.5 ಆದರೆ ಗರಿಷ್ಠ ವಿಸ್ತೀರ್ಣ 552 ಚದರ ಇಂಚಿಗೆ ಇಳಿಯುತ್ತದೆ. ಅರ್ಧ ಇಂಚಿಗೆ 24 ಚದರ ಇಂಚು ಹೋಯಿತು. ಆಗ ಮೇಲಿನ ಸೂತ್ರದ ಇನ್ನೊಂದು ಗುಣ ಕೆಲಸಕ್ಕೆ ಬಂದಿತು: ತ್ರಿಜ್ಯದ ವಿಷಯದಲ್ಲಿ ಅದು ಬಲು ಬಿಗಿ, ಆದರೆ ಉದ್ದ ಮತ್ತು ಎತ್ತರದ ಹೊಂದಾಣಿಕೆಯಲ್ಲಿ ಬಹಳ ಉದಾರಿ. x ಮತ್ತು y ನಡುವೆ ಮೂರು ಇಂಚು ವ್ಯತ್ಯಾಸವಿದ್ದರೂ ನಷ್ಟ ಮೂರರ ವರ್ಗ, ಒಂಬತ್ತು ಚದರ ಇಂಚು ಮಾತ್ರ. ಮನೆಯಲ್ಲಿ ಮೂರು ಕೊಡಗಳನ್ನು ಸಾಲಾಗಿ ಇಡಬೇಕಿತ್ತು. ಒಂದೊಂದಕ್ಕೆ ಒಂದು ಅಡಿಯಂತೆ 36 ಇಂಚು ಉದ್ದವಿದ್ದರೆ ಒಳ್ಳೆಯದು, ಅಗಲ 15 ಇಂಚು ಸಾಕು. x 18, y 15 ಆದಾಗ ಮೂಲೆ ಕೇಂದ್ರದಿಂದ ಸುಮಾರು 23.43 ಇಂಚು ದೂರದಲ್ಲಿರುತ್ತದೆ, ಅಂದರೆ ಸಮತಟ್ಟಾದ ಭಾಗದ ಒಳಗೇ ಬೀಳುತ್ತದೆ. ವಿಸ್ತೀರ್ಣ 540. ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, 36 ಮತ್ತು 15ಕ್ಕೆ ಹೊಸ ಗೆರೆ ಎಳೆದು ಕತ್ತರಿಸಲು ಹೇಳಿದೆ.