ಬಿಸುವಿನ ಬಟ್ಟೆಲೆಕ್ಕ: ಲೈನಿಂಗ್ ಸೇರಿದ ಮೇಲೆ

ಮಾರ್ಚ್ 9

ಈ ಸಲ ಬಿಸು ಹಬ್ಬಕ್ಕೆ ಮನೆಯ ಐದೂ ಜನರಿಗೆ ಹೊಲಿಸಿಯೇ ಹಾಕುವುದು. ಕುಂಬಳೆ ಪೇಟೆಗೆ ಹೋಗುವ ಮೊದಲೇ ಲೆಕ್ಕ ಬರೆದೆ. ಇವರ ಮತ್ತು ಮಗನ ಅರ್ಧ ತೋಳಿನ ಅಂಗಿ ಒಂದೇ ಬಟ್ಟೆಯಲ್ಲಿ: 58 ಇಂಚು ಪನ್ನದ ಹತ್ತಿ ಎರಡೂವರೆ ಮೀಟರ್, 280ರಂತೆ 700, ಹೊಲಿಗೆ 600. ಅತ್ತೆಗೂ ನನಗೂ ರವಿಕೆ ಬಟ್ಟೆ ಸೀರೆಯಲ್ಲೇ ಇದೆ, ಹೊಲಿಗೆ ಮಾತ್ರ 250ರಂತೆ 500. ಮಗಳ ಲಂಗ, ರವಿಕೆಗೆ 3 ಮೀಟರ್, 360ರಂತೆ 1,080, ಹೊಲಿಗೆ 450. ಒಟ್ಟು 3,330. ಬಹಳ ಜಾಣತನದ ಲೆಕ್ಕ ಎಂದುಕೊಂಡಿದ್ದೆ.

ಮಾರ್ಚ್ 12

ಟೈಲರ್ ಕೇಳಿದ ಮೊದಲ ಮಾತೇ ಲೈನಿಂಗ್. ರವಿಕೆಗೆ ಒಂದೊಂದು ಮೀಟರ್, ಮಗಳ ಲಂಗ, ರವಿಕೆಗೆ ಎರಡೂವರೆ. ನಾಲ್ಕೂವರೆ ಮೀಟರಿಗೆ 70ರಂತೆ 315. ಇಷ್ಟೇ ತಾನೇ ಅಂದೆ. ಆದರೆ ಲೈನಿಂಗ್ ಹಾಕಿದರೆ ಹೊಲಿಗೆಯೂ ಬೇರೆ: ರವಿಕೆಗೆ 450, ಲಂಗದ ಜೋಡಿಗೆ 600. "ಒಂದು ರವಿಕೆಗೆ ಎರಡು ರವಿಕೆ ಕತ್ತರಿಸಿದ ಹಾಗೆ ಅಲ್ವಾ ಅಕ್ಕಾ?" ಸರಿಯೇ. ಬಟ್ಟೆಗೆ 315, ಕೂಲಿಗೆ 550. ಮೀಟರ್ ಲೆಕ್ಕದಲ್ಲಿ ಕಾಣದೆ ಇದ್ದದ್ದು ಈ ಎರಡನೆಯದು. ಈಗ 4,195.

ಮಾರ್ಚ್ 14

ಲೈನಿಂಗ್ ಬಟ್ಟೆ ರಾತ್ರಿ ನೆನೆಹಾಕಿ ಒಣಗಿಸಿ ಅಳೆದೆ. ಒಂದು ಮೀಟರ್ ಹೋಗಿ 96 ಸೆಂಟಿಮೀಟರ್ ಆಗಿತ್ತು. ಹೋದ ವರ್ಷ ಹಾಗೇ ಹೊಲಿಸಿದ್ದ ರವಿಕೆ ಒಂದೇ ಒಗೆತಕ್ಕೆ ಬೆನ್ನಲ್ಲಿ ಸುಕ್ಕಾಯಿತು. ಇಸ್ತ್ರಿಗೂ ಹೋಗದ ಸುಕ್ಕು. ಒಳಗಿನದು ಕುಗ್ಗಿ ಹೊರಗಿನದನ್ನು ಎಳೆಯುತ್ತದೆ, ಹೊಲಿಗೆ ಬಿಚ್ಚದೆ ಅದಕ್ಕೆ ಮದ್ದಿಲ್ಲ. ಅದಕ್ಕೇ 90 ಸೆಂಟಿಮೀಟರ್ ಸಾಕಾಗುವಲ್ಲಿಯೂ ಪೂರ್ತಿ ಮೀಟರ್ ತೆಗೆದದ್ದು.

ಮಾರ್ಚ್ 18

ಲಂಗದ ವಿಷಯ ಟೈಲರ್ ಜೊತೆ ಕೂತು ಮಾತಾಡಿದೆ. ಅಂಚು ಬಟ್ಟೆಯ ಉದ್ದದ ಬದಿಯಲ್ಲೇ ಇರುವುದರಿಂದ ಪನ್ನವೇ ಲಂಗದ ಉದ್ದವಾಗುತ್ತದೆ, ಮೀಟರ್ ಎಲ್ಲ ಸುತ್ತಳತೆಗೆ ಹೋಗುತ್ತದೆ. ಪನ್ನ 44 ಇಂಚು, ಮಗಳಿಗೆ ಬೇಕಾದದ್ದು 30. ಸೊಂಟದ ಪಟ್ಟಿಯ ಕಡೆಗೆ 2 ಹೋದರೂ 12 ಇಂಚು ಉಳಿಯಿತು. ಕತ್ತರಿಸುವುದು ಬೇಡ, ಒಳಗೆ 3 ಇಂಚಿನ ಎರಡು ಮಡಿಕೆ ಹಾಕಿ ಎಂದೆ. ಒಂದೊಂದು ಮಡಿಕೆ 6 ಇಂಚು ನುಂಗುತ್ತದೆ. ಮುಂದಿನ ವರ್ಷ ಒಂದನ್ನು ಬಿಚ್ಚಿದರಾಯಿತು, ಕೂಲಿ 100 ರೂಪಾಯಿ. ಲೈನಿಂಗನ್ನು ಮಾತ್ರ ಅಂಚಿಗೆ ಸೇರಿಸಿ ಹೊಲಿಯಬಾರದು, ಸೊಂಟದಿಂದ ಬೇರೆಯಾಗಿ ಇಳಿಬಿಡಬೇಕು. ಇಲ್ಲದಿದ್ದರೆ ಮಡಿಕೆ ಬಿಚ್ಚಿದಾಗ ಗಿಡ್ಡ ಬಿದ್ದ ಲೈನಿಂಗ್ ಲಂಗವನ್ನು ಮೇಲಕ್ಕೆ ಎಳೆಯುತ್ತದೆ. ರವಿಕೆಯ ಬದಿಯಲ್ಲಿ ಒಂದೊಂದು ಇಂಚು ಬಿಡಿಸಿದ್ದೇನೆ, ಆದರೆ ತೋಳು, ಭುಜ ಬೆಳೆದರೆ ಅದರಿಂದ ಪ್ರಯೋಜನವಿಲ್ಲ.

ಏಪ್ರಿಲ್ 11

ಎಲ್ಲ ಬಂತು. ಅತ್ತೆಯ ತೋಳು ಬಿಗಿ, ಹೊಲಿಗೆ ಬಿಚ್ಚಿ ಅಗಲ ಮಾಡಲು 80. ಎರಡು ಸೀರೆಗೆ ಫಾಲ್, ಪೀಕೋ ಬರೆಯುವುದನ್ನೇ ಮರೆತಿದ್ದೆ: 240. ಕೊನೆಗೆ ಖರ್ಚಾದದ್ದು 4,515. ಪುಸ್ತಕದಲ್ಲಿ ಫಾಲ್‌ಗೆ ಈಗಲೇ ಒಂದು ಸಾಲು ಗೆರೆ ಎಳೆದಿಟ್ಟೆ.