ಹಾಲಿನ ದರ, ಆಳಿನ ದರ

ಕಳೆದ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಾನು, ನಮ್ಮೂರಿನ ಹಾಲು ಉತ್ಪಾದಕರ ಸಂಘದ ಸಭೆಯ ನಡವಳಿಯನ್ನು ಫೋನಿಗೆ ಹೇಳಿ ಬರೆಸಬೇಕಾಯಿತು. ಕೀಬೋರ್ಡಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಮೈಕಿನ ಗುರುತನ್ನು ಒತ್ತಿ, ಒಂದೊಂದೇ ಪದವನ್ನು ಬಿಡಿಸಿ ಹೇಳತೊಡಗಿದೆ. ಅದೇ ಮೊದಲ ತಪ್ಪು. ಅಕ್ಕಪಕ್ಕದ ಮಾತುಗಳ ಆಸರೆಯಿಂದಲೇ ಫೋನು ಪದವನ್ನು ಊಹಿಸುವುದರಿಂದ, ಬಿಡಿಬಿಡಿಯಾಗಿ ಹೇಳಿದಷ್ಟೂ ತಪ್ಪುಗಳು ಹೆಚ್ಚುತ್ತವೆ. ವಾಕ್ಯವನ್ನು ಮನಸ್ಸಿನಲ್ಲಿ ಮೊದಲು ಕಟ್ಟಿಕೊಂಡು ಒಂದೇ ಉಸಿರಿಗೆ ಹೇಳಿದಾಗ, ಮೊದಲು ಮೂಡಿದ ತಪ್ಪು ಪದವೂ ವಾಕ್ಯ ಮುಗಿಯುವಷ್ಟರಲ್ಲಿ ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತಿತ್ತು.

ಆದರೂ 'ಹಾಲಿನ ದರ' ಎಂದಲ್ಲೆಲ್ಲ 'ಆಳಿನ ದರ' ಎಂದು ಬಂದಿತ್ತು. ನಮ್ಮ ಮಂಡ್ಯದ ಕಡೆಯ ಆಡುಮಾತಿನಲ್ಲಿ ಹಕಾರ ಸವೆದು ಅಕಾರವಾಗುತ್ತದೆ. ಲಕಾರ ಳಕಾರಗಳ ನಡುವಿನ ಅಂತರವೂ ಆತುರದಲ್ಲಿ ಉಳಿಯುವುದಿಲ್ಲ. 'ಆಳಿನ' ಎಂಬುದೂ ಸರಿಯಾದ ಪದವೇ ಆದ್ದರಿಂದ ಕಾಗುಣಿತ ಪರೀಕ್ಷೆಯ ಕೆಂಪು ಗೆರೆ ಅದರ ಕೆಳಗೆ ಮೂಡಲಿಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಿಸಿಬಿಡೋಣವೆಂದರೆ, ಸಂಘದ ಆವರಣ ತೊಳೆಯುವವನ ಲೆಕ್ಕದಲ್ಲಿ 'ಆಳಿನ ಕೂಲಿ' ಎಂಬ ಮಾತು ನಿಜವಾಗಿಯೂ ಇತ್ತು; ಅದು 'ಹಾಲಿನ ಕೂಲಿ' ಆಗಿಬಿಡುತ್ತಿತ್ತು. ಹಾಗಾಗಿ ಹುಡುಕಿ, ಒಂದೊಂದನ್ನೂ ನೋಡಿ, ಎಡಗೈಯಿಂದಲೇ ಬದಲಿಸಿದೆ.

ಇದಕ್ಕಿಂತ ದೊಡ್ಡ ತಪ್ಪು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮರುದಿನ ನಿರ್ದೇಶಕರೊಬ್ಬರಿಗೆ ನಡವಳಿಯನ್ನು ಓದಿ ಹೇಳುತ್ತಿದ್ದಾಗ ಅವರು ನಡುವೆ ತಡೆದು, "ಕಾರ್ಯದರ್ಶಿಗಳೇ, ಬೋನಸ್ ಕೊಡ್ತೀವಿ ಅಂತ ತಾನೆ ತೀರ್ಮಾನ ಆಗಿದ್ದು?" ಎಂದರು. ಪರದೆಯ ಮೇಲೆ ಹೀಗಿತ್ತು: 'ಸದಸ್ಯರಿಗೆ ದೀಪಾವಳಿಯ ಮುನ್ನ ಬೋನಸ್ ಕೊಡಲಾಗದು.' ನಾನು ಹೇಳಿದ್ದು 'ಕೊಡಲಾಗುವುದು' ಎಂದು. ನಾಲಿಗೆಯ ಮೇಲೆ 'ಗುವುದು' ಎಂಬುದು ಕುಗ್ಗಿ 'ಗುದು' ಆಗುತ್ತದೆ. ಅಲ್ಲಿಂದ 'ಗದು' ಆಗಲು ಹೆಚ್ಚು ದೂರವಿಲ್ಲ, ಅರ್ಥ ಮಾತ್ರ ಪೂರ್ತಿ ತಿರುಗಿಬಿಡುತ್ತದೆ. ವ್ಯಾಕರಣಕ್ಕೆ ಲೋಪವಿಲ್ಲದ ವಾಕ್ಯವಾದ್ದರಿಂದ, ಸಭೆಯಲ್ಲಿ ಕುಳಿತಿದ್ದವರಲ್ಲದೆ ಬೇರೆ ಯಾರಿಗೂ ಅದು ತಪ್ಪೆಂದು ತಿಳಿಯುವಂತಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು, ಏಕೆಂದರೆ ಆ ಹಾಳೆಗೆ ಅಧ್ಯಕ್ಷರ ಸಹಿ ಬೀಳುವುದರಲ್ಲಿತ್ತು.

ಅಂದೇ ಕುಳಿತು 'ಲಾಗದು' ಎಂಬುದನ್ನು ಹುಡುಕಿದಾಗ ಇನ್ನೂ ಎರಡು ಕಡೆ ಸಿಕ್ಕಿತು. ಈಗ ಠರಾವಿನ ವಾಕ್ಯಗಳಲ್ಲಿ ಆ ರೂಪವನ್ನೇ ಬಿಟ್ಟು, 'ಕೊಡಲು ತೀರ್ಮಾನಿಸಲಾಯಿತು', 'ಕೊಡುವುದಿಲ್ಲವೆಂದು ತೀರ್ಮಾನಿಸಲಾಯಿತು' ಎಂದೇ ಹೇಳುತ್ತೇನೆ. ಹೌದು, ಇಲ್ಲ ಎಂಬ ಎರಡೂ ಕಿವಿಗೆ ದೂರದೂರವಾಗಿ ಕೇಳಿಸುತ್ತವೆ. ಮೊತ್ತಗಳನ್ನು ಬಾಯಲ್ಲಿ ಹೇಳುವುದಿಲ್ಲ, ಲೆಕ್ಕದ ಪುಸ್ತಕ ನೋಡಿ ಕೈಯಿಂದಲೇ ತುಂಬುತ್ತೇನೆ. ಕೈ ವಾಸಿಯಾದ ಮೇಲೂ ನಡವಳಿಯನ್ನು ಹೇಳಿಯೇ ಬರೆಸುತ್ತಿದ್ದೇನೆ; ಸಹಿಗೆ ಮುನ್ನ ಆ ನಿರ್ದೇಶಕರಿಗೆ ಅದನ್ನು ಗಟ್ಟಿಯಾಗಿ ಓದಿ ಕೇಳಿಸುವುದನ್ನು ಮಾತ್ರ ಒಮ್ಮೆಯೂ ತಪ್ಪಿಸಿಲ್ಲ.