ಒಂದು ಸಮ ಚಿಹ್ನೆ ಮತ್ತು 311 ಶಾಫ್ಟುಗಳು

ಲೇತ್ ಯಂತ್ರದಿಂದ ಹೊರಬರುವ ಶಾಫ್ಟುಗಳ ಅಳತೆಯ ದತ್ತಾಂಶವನ್ನು ಪರಿಶೀಲಿಸಿ, ಯಾವುದು ಮಿತಿಯೊಳಗಿದೆ, ಯಾವುದನ್ನು ತಿರಸ್ಕರಿಸಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶಾಫ್ಟಿನ ವ್ಯಾಸ 20 ಮಿಲಿಮೀಟರ್ ಇರಬೇಕು, 20.02 ಅನ್ನು ಮೀರಬಾರದು. ಕೆಳಗಿನ ಮಿತಿಯೂ ಒಂದಿದೆ, ಆದರೆ ಈ ಕಥೆಗೆ ಅದು ಬೇಕಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಅಳತೆಯು 20.02ಕ್ಕಿಂತ ಹೆಚ್ಚಾದಾಗ ತಿರಸ್ಕರಿಸುವಂತೆ `>` ಎಂದು ಬರೆದಿತ್ತು. ಅದನ್ನು ಮತ್ತೆ ಬರೆಯುವಾಗ ನಾನು `>=` ಎಂದು ಹಾಕಿದೆ, ಅಂದರೆ ಅಳತೆ ಸರಿಯಾಗಿ 20.02 ಇದ್ದರೂ ತಿರಸ್ಕಾರ. ಪರಿಶೀಲನೆಗೆ ಕುಳಿತಿದ್ದ ಸಹೋದ್ಯೋಗಿಯೊಬ್ಬರು ಈ ಬದಲಾವಣೆಯನ್ನು ಗುರುತಿಸಿ ಕಾರಣ ಕೇಳಿದಾಗ, ವ್ಯಾಸವು ನಿರಂತರ ವಿತರಣೆಯದ್ದು, ಅಂದರೆ ಎರಡು ಬೆಲೆಗಳ ನಡುವಿನ ಯಾವ ಬೆಲೆಯೂ ಬರಬಹುದು, ನಿರಂತರ ವಿತರಣೆಯಲ್ಲಿ ಒಂದೇ ಒಂದು ಬಿಂದುವಿನ ಸಂಭವನೀಯತೆ ಸೊನ್ನೆ, ಆದ್ದರಿಂದ ಸಮ ಚಿಹ್ನೆ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ ಎಂದು ಉತ್ತರಿಸಿದೆ. ಪಠ್ಯಪುಸ್ತಕದಲ್ಲಿ ಓದಿದ್ದನ್ನು ಅಷ್ಟು ಧೈರ್ಯದಿಂದ ಹೇಳಿದ ದಿನ ಮತ್ತೊಂದಿಲ್ಲ.

ಮುಂದಿನ 5000 ಶಾಫ್ಟುಗಳ ಕಂತಿನಲ್ಲಿ 344 ತಿರಸ್ಕೃತವಾದವು. ಅದೇ ಕಂತನ್ನು ಹಳೆಯ ನಿಯಮದಿಂದ ನೋಡಿದರೆ ತಿರಸ್ಕೃತವಾಗುತ್ತಿದ್ದವು ಕೇವಲ 33. ನಡುವಿನ 311 ಶಾಫ್ಟುಗಳ ಎದುರು ಕೋಷ್ಟಕದಲ್ಲಿ ಸರಿಯಾಗಿ 20.02 ಎಂದೇ ಬರೆದಿತ್ತು. ಸಂಭವನೀಯತೆ ಸೊನ್ನೆ ಎಂದು ನಾನು ಹೇಳಿದ್ದ ಬಿಂದುವಿನ ಮೇಲೆಯೇ ಮುನ್ನೂರಕ್ಕೂ ಹೆಚ್ಚು ತುಂಡುಗಳು ಕುಳಿತಿದ್ದವು.

ಹಾಗಿದ್ದರೆ ಪ್ರಮೇಯ ತಪ್ಪೇ? ತಪ್ಪಲ್ಲ. ಅದು ಯಾವ ಸಂಖ್ಯೆಯ ಬಗ್ಗೆ ಮಾತನಾಡುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ನಮ್ಮ ಮೈಕ್ರೋಮೀಟರ್ ಮೂರು ದಶಮಾಂಶ ಸ್ಥಾನಗಳವರೆಗೆ ತೋರಿಸುತ್ತದೆ, ಆದರೆ ದತ್ತಾಂಶ ಕೋಷ್ಟಕದ ಆ ಕಾಲಂ ಎರಡೇ ಸ್ಥಾನಗಳಿಗೆ, ಹತ್ತಿರದ ಸಂಖ್ಯೆಗೆ ಪೂರ್ಣಗೊಳಿಸಿ ಉಳಿಸಿಕೊಳ್ಳುತ್ತಿತ್ತು. ಆದ್ದರಿಂದ ಕೋಷ್ಟಕದ 20.02 ಒಂದು ಬಿಂದುವಲ್ಲ, 20.015ರಿಂದ 20.025ರವರೆಗಿನ ಒಂದು ಪಟ್ಟಿ. ನಮ್ಮ ವ್ಯಾಸಗಳು ಸರಾಸರಿ 20.00, ಪ್ರಮಾಣಿತ ವಿಚಲನೆ 0.01 ಇರುವ ನಾರ್ಮಲ್ ವಿತರಣೆಗೆ ಚೆನ್ನಾಗಿಯೇ ಹೊಂದುತ್ತವೆ. ಆ ವಿತರಣೆಯಲ್ಲಿ ಈ ಪಟ್ಟಿಯು ಸರಾಸರಿಯಿಂದ 1.5 ಮತ್ತು 2.5 ವಿಚಲನೆಗಳ ನಡುವೆ ಬೀಳುತ್ತದೆ, ಅದರ ಸಂಭವನೀಯತೆ 0.0606. ಐದು ಸಾವಿರಕ್ಕೆ ಲೆಕ್ಕ ಹಾಕಿದರೆ 303. ನಮಗೆ ಸಿಕ್ಕಿದ್ದು 311, ಅಂದರೆ ಅಚ್ಚರಿಪಡಲು ಏನೂ ಇರಲಿಲ್ಲ.

ಈ ಪಟ್ಟಿಯನ್ನು ಕಿರಿದುಮಾಡುತ್ತ ಹೋದರೆ ಪ್ರಮೇಯವು ಕಣ್ಣೆದುರೇ ತೆರೆದುಕೊಳ್ಳುತ್ತದೆ. ಮೂರು ಸ್ಥಾನಗಳವರೆಗೆ ಬರೆದರೆ 20.020 ಎಂಬುದು 0.001 ಅಗಲದ ಪಟ್ಟಿ, ಅದರ ಸಂಭವನೀಯತೆ 0.0054, ಐದು ಸಾವಿರದಲ್ಲಿ ಸುಮಾರು 27 ತುಂಡುಗಳು. ನಾಲ್ಕು ಸ್ಥಾನಗಳಿಗೆ ಹೋದರೆ ಸುಮಾರು ಮೂರು ತುಂಡುಗಳು, ಐದು ಸ್ಥಾನಗಳಿಗೆ ಹೋದರೆ ನಾಲ್ಕು ಕಂತುಗಳಲ್ಲಿ ಸುಮಾರು ಒಂದು. ಪಟ್ಟಿ ಸಾಕಷ್ಟು ಕಿರಿದಾದ ಮೇಲೆ, ಅದರ ಅಗಲವನ್ನು ಹತ್ತನೇ ಒಂದಕ್ಕೆ ಇಳಿಸಿದಾಗಲೆಲ್ಲ ಸಂಭವನೀಯತೆಯೂ ಹತ್ತನೇ ಒಂದಕ್ಕೆ ಇಳಿಯುತ್ತದೆ, ಎಲ್ಲಿಯೂ ತಡೆದು ನಿಲ್ಲುವುದಿಲ್ಲ. 20.02 ಎಂಬ ಬಿಂದು ಈ ಎಲ್ಲ ಪಟ್ಟಿಗಳ ಒಳಗಿದೆ, ಆದ್ದರಿಂದ ಅದರ ಸಂಭವನೀಯತೆ ಇವುಗಳಲ್ಲಿ ಯಾವುದಕ್ಕಿಂತಲೂ ಹೆಚ್ಚಿರಲಾರದು. ಎಲ್ಲಕ್ಕಿಂತ ಚಿಕ್ಕದಾಗಿದ್ದು ಋಣಾತ್ಮಕವೂ ಅಲ್ಲದ ಸಂಖ್ಯೆ ಸೊನ್ನೆ ಮಾತ್ರ.

ಸಂಭವನೀಯತೆಯನ್ನು ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಮಾತ್ರ ಸೊನ್ನೆಯತ್ತ ಹೋಗದೆ ಮಿಲಿಮೀಟರಿಗೆ 5.4ರ ಹತ್ತಿರ ನಿಲ್ಲುತ್ತದೆ. ಅದನ್ನೇ ಸಾಂದ್ರತೆ ಎನ್ನುತ್ತೇವೆ. ಸರಾಸರಿಯ ಬಳಿ, ಅಂದರೆ 20.00ರಲ್ಲಿ, ಸಾಂದ್ರತೆ 39.9. ಸ್ಪ್ರೆಡ್‌ಶೀಟಿನಲ್ಲಿ `NORM.DIST(20, 20, 0.01, FALSE)` ಎಂದು ಬರೆದು ಸುಮಾರು 39.89 ಎಂಬ ಉತ್ತರ ಪಡೆದು, ಒಂದಕ್ಕಿಂತ ದೊಡ್ಡ ಸಂಭವನೀಯತೆ ಹೇಗೆ ಬಂತು ಎಂದು ಗಾಬರಿಯಾದವರನ್ನು ನಾನು ಕಂಡಿದ್ದೇನೆ. ಅದು ಸಂಭವನೀಯತೆಯೇ ಅಲ್ಲ. ಗೆರೆಯ ಎತ್ತರಕ್ಕೆ ವಿಸ್ತೀರ್ಣವಿಲ್ಲ, ಅಗಲದಿಂದ ಗುಣಿಸಿದ ಮೇಲಷ್ಟೇ ಅದು ಸಂಭವನೀಯತೆಯಾಗುತ್ತದೆ.

ಆ ಸಹೋದ್ಯೋಗಿ ಇಷ್ಟಕ್ಕೆ ಬಿಡಲಿಲ್ಲ. "ಪ್ರತಿ ಶಾಫ್ಟಿಗೂ ಯಾವುದೋ ಒಂದು ವ್ಯಾಸ ಇದ್ದೇ ಇರುತ್ತದಲ್ಲ ಸರ್? ಪ್ರತಿ ವ್ಯಾಸದ ಸಂಭವನೀಯತೆಯೂ ಸೊನ್ನೆ ಎಂದಮೇಲೆ, ಸೊನ್ನೆಗಳನ್ನೆಲ್ಲ ಕೂಡಿಸಿದರೆ ಒಂದು ಹೇಗಾಗುತ್ತದೆ?" ಎಂದು ಕೇಳಿದರು. ಇದು ನನ್ನ ಪ್ರೋಗ್ರಾಮಿನ ತಪ್ಪಿಗಿಂತ ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರಿಸಲು ನನಗೆ ಒಂದು ಸಂಜೆ ಬೇಕಾಯಿತು.

ತೊಡಕು ಇರುವುದು "ಎಲ್ಲ ಕೂಡಿಸಿದರೆ" ಎಂಬ ಮಾತಿನಲ್ಲಿ. ಗಣಿತಜ್ಞ ಕಾಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಹಾಕಿಕೊಟ್ಟ ಮೂಲ ನಿಯಮಗಳ ಪ್ರಕಾರ, ಒಂದರ ಮೇಲೊಂದು ಬೀಳದ ಘಟನೆಗಳ ಸಂಭವನೀಯತೆಗಳನ್ನು ಕೂಡಿಸಬಹುದು, ಆದರೆ ಆ ಘಟನೆಗಳನ್ನು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಸಾಲಾಗಿ ಹೆಸರಿಸಲು ಸಾಧ್ಯವಿರಬೇಕು, ಸಾಲು ಮುಗಿಯದಿದ್ದರೂ ಚಿಂತೆಯಿಲ್ಲ. ಒಂದು ಗೆರೆಯ ಮೇಲಿನ ಎಲ್ಲ ಬಿಂದುಗಳನ್ನು ಹೀಗೆ ಸಾಲು ನಿಲ್ಲಿಸಲಾಗದು ಎಂಬುದನ್ನು ಕ್ಯಾಂಟರ್ 1874ರಲ್ಲಿ ತೋರಿಸಿದ್ದರು. ಎಷ್ಟೇ ಉದ್ದದ ಸಾಲು ಮಾಡಿದರೂ ಅದರಿಂದ ತಪ್ಪಿಸಿಕೊಂಡ ಬಿಂದುಗಳು ಉಳಿದೇ ಇರುತ್ತವೆ. ಆದ್ದರಿಂದ ಸೊನ್ನೆಗಳನ್ನು ಕೂಡಿಸಿ ಒಂದನ್ನು ಪಡೆಯಬೇಕಾದ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಆ ಕೂಡಿಕೆಗೆ ನಿಯಮದಲ್ಲಿ ಅವಕಾಶವಿಲ್ಲ. ಪಟ್ಟಿಗಳನ್ನು ಮಾತ್ರ ಕೂಡಿಸಬಹುದು, ಅವುಗಳ ಮೊತ್ತ ಯಾವಾಗಲೂ ಒಂದೇ: ಪ್ರತಿ ಪಟ್ಟಿಯ ಪಾಲು ಹತ್ತನೇ ಒಂದಕ್ಕೆ ಕುಗ್ಗಿದಾಗ ಪಟ್ಟಿಗಳ ಸಂಖ್ಯೆ ಹತ್ತು ಪಟ್ಟಾಗುತ್ತದೆ.

ಬೇರೆ ದಾರಿ ಇಲ್ಲವೆನ್ನುವುದಕ್ಕೂ ಒಂದು ಸರಳ ಕಾರಣವಿದೆ. ಪ್ರತಿ ಬಿಂದುವಿಗೂ ಸೊನ್ನೆಗಿಂತ ಹೆಚ್ಚಿನ ಪಾಲನ್ನು ಕೊಡಲು ಹೊರಟೆವೆನ್ನಿ. ನೂರನೇ ಒಂದರಷ್ಟಾದರೂ ಪಾಲು ಪಡೆದ ಬಿಂದುಗಳು ನೂರನ್ನು ಮೀರುವಂತಿಲ್ಲ, ಮೀರಿದರೆ ಮೊತ್ತ ಒಂದನ್ನು ದಾಟುತ್ತದೆ. ಸಾವಿರನೇ ಒಂದರಷ್ಟು ಪಡೆದವು ಸಾವಿರವನ್ನು ಮೀರುವಂತಿಲ್ಲ, ಲಕ್ಷದ ಮಟ್ಟದಲ್ಲೂ ಇದೇ ಮಾತು. ಈ ಎಲ್ಲ ಗುಂಪುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೂ ಸಾಲಾಗಿ ಹೆಸರಿಸಬಹುದಾದಷ್ಟು ಬಿಂದುಗಳೇ ಆಗುತ್ತವೆ. ಗೆರೆಯ ಮೇಲೆ ಅದಕ್ಕಿಂತ ಹೆಚ್ಚು ಬಿಂದುಗಳಿರುವುದರಿಂದ, ಯಾವ ವಿತರಣೆಯಾದರೂ ಬಹುಪಾಲು ಬಿಂದುಗಳಿಗೆ ಸೊನ್ನೆಯನ್ನೇ ಕೊಡಬೇಕಾಗುತ್ತದೆ.

ಇನ್ನು, ಸೊನ್ನೆ ಸಂಭವನೀಯತೆಯೆಂದರೆ ಅಸಾಧ್ಯವೆಂದಲ್ಲ. 25 ಮಿಲಿಮೀಟರಿನ ಸರಳಿನಿಂದ 30 ಮಿಲಿಮೀಟರಿನ ಶಾಫ್ಟನ್ನು ಕಡೆಯುವುದು ಅಸಾಧ್ಯ. ವ್ಯಾಸ ಸರಿಯಾಗಿ 20.02 ಬರುವುದು ಅಸಾಧ್ಯವಲ್ಲ, ಆದರೆ ಆ ಸಂಖ್ಯೆಯನ್ನು ಮೊದಲೇ ಹೆಸರಿಸಿ ಕಾದು ಕುಳಿತರೆ ಅದಕ್ಕೆ ಇಡಬಹುದಾದ ಪಾಲು ಸೊನ್ನೆ. ಶಾಫ್ಟ್ ಹೊರಬಂದ ಮೇಲೆ "ಈ ವ್ಯಾಸವೂ ಸೊನ್ನೆಯದೇ ಆಗಿತ್ತಲ್ಲ" ಎನ್ನುವವರು, ಬಂದ ಫಲಿತಾಂಶವನ್ನು ಕಂಡಮೇಲೆ ಹೆಸರಿಸುತ್ತಿದ್ದಾರೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ "ಯಾವುದಾದರೂ ಒಂದು ಬಿಂದು ಬರುತ್ತದೆಯೇ" ಎಂಬುದಾಗಿದ್ದರೆ ಅದರ ಉತ್ತರ ಸೊನ್ನೆಯಲ್ಲ, ಒಂದು. ಅಂದಹಾಗೆ, ಲೋಹಕ್ಕೆ ಅನಂತ ದಶಮಾಂಶಗಳ ವ್ಯಾಸವಿದೆ ಎಂಬುದೂ ನಮ್ಮ ಮಾದರಿಯ ಕಲ್ಪನೆಯೇ. ಮೇಲ್ಮೈಯ ಒರಟುತನದ ಮಟ್ಟಕ್ಕೆ ಇಳಿದರೆ ಯಾವುದನ್ನು ವ್ಯಾಸವೆನ್ನಬೇಕು ಎಂಬುದೇ ಸ್ಪಷ್ಟವಿರುವುದಿಲ್ಲ.

ಮರುದಿನ ಈ ಕೆಲವು ಸಾಲುಗಳನ್ನು ಅವರ ಮುಂದೆ ಓಡಿಸಿ ತೋರಿಸಿದೆ.

```python
import random
x = [random.gauss(20.0, 0.01) for _ in range(5000)]
print(sum(v == 20.02 for v in x))
print(sum(round(v, 2) == 20.02 for v in x))
```

ಮೊದಲ ಸಾಲು 0 ಎಂದಿತು, ಎರಡನೆಯದು ಮುನ್ನೂರರ ಆಸುಪಾಸಿನ ಸಂಖ್ಯೆ ಕೊಟ್ಟಿತು. ಕಂಪ್ಯೂಟರಿನಲ್ಲಿಯೂ ನಿಜವಾದ ನಿರಂತರತೆ ಇಲ್ಲ: 20ರ ಆಸುಪಾಸಿನಲ್ಲಿ ಅದು ಹಿಡಿದಿಡುವ ಸಂಖ್ಯೆಗಳ ನಡುವೆ ಸುಮಾರು 3.6 × 10⁻¹⁵ರ ಅಂತರವಿರುತ್ತದೆ. ಆದರೂ ಆ ಪಟ್ಟಿ ಎಷ್ಟು ಕಿರಿದೆಂದರೆ, ಐದು ಸಾವಿರ ಬಾರಿಯಲ್ಲ, ಐದು ಸಾವಿರ ಕೋಟಿ ಬಾರಿ ಪ್ರಯತ್ನಿಸಿದರೂ ಸರಿಯಾದ 20.02 ಕಾಣುತ್ತದೆಂಬ ಭರವಸೆಯಿಲ್ಲ.

ನನ್ನ ತಪ್ಪಿನ ಇನ್ನೊಂದು ಮುಖವನ್ನೂ ಹೇಳಬೇಕು. ನಿಜವಾದ ವ್ಯಾಸ 20.02 ಅನ್ನು ಮೀರುವ ಸಂಭವನೀಯತೆ 0.0228, ಅಂದರೆ ಐದು ಸಾವಿರಕ್ಕೆ ಸುಮಾರು 114. ಹಳೆಯ ನಿಯಮವು ಪೂರ್ಣಗೊಳಿಸಿದ ಸಂಖ್ಯೆಯನ್ನು ನೋಡುತ್ತಿದ್ದುದರಿಂದ ವಾಸ್ತವದಲ್ಲಿ 20.025ರಲ್ಲಿ ಗೆರೆ ಎಳೆಯುತ್ತಿತ್ತು, ಸುಮಾರು 31ನ್ನು ಹಿಡಿಯುತ್ತಿತ್ತು. ನನ್ನ ನಿಯಮ 20.015ರಲ್ಲಿ ಗೆರೆ ಎಳೆದು ಸುಮಾರು 334ನ್ನು ಹಿಡಿಯುತ್ತಿತ್ತು. ಎರಡೂ ತಪ್ಪು, ಆದರೆ ಹಳೆಯ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾಲಂ ಮೂರು ಸ್ಥಾನಗಳನ್ನು ಉಳಿಸಿಕೊಳ್ಳುವಂತೆ ಬದಲಿಸಿದೆವು, 20.020 ಎಂದು ಓದಿದ ತುಂಡು ಸ್ವೀಕೃತವೋ ತಿರಸ್ಕೃತವೋ ಎಂಬುದನ್ನು ನಕ್ಷೆಯ ವಿನ್ಯಾಸಕಾರರಿಂದ ಬರೆಸಿಕೊಂಡೆವು. ಈಗ ಸಮ ಚಿಹ್ನೆಯ ಮೇಲೆ ನಿಂತಿರುವುದು ಕಂತಿಗೆ ಸುಮಾರು 27 ತುಂಡುಗಳು, ಸೊನ್ನೆಯಲ್ಲ.

ಈ ಬದಲಾವಣೆಯಿಂದ ಮತ್ತೊಂದು ಸಂಗತಿ ಬಯಲಾಯಿತು. ಒಂದು ಬಿಂದುವಿನ ಮೇಲಿನ ರಾಶಿ ಪೂರ್ಣಗೊಳಿಸುವಿಕೆಯಿಂದ ಬಂದಿದ್ದರೆ, ದಶಮಾಂಶ ಸ್ಥಾನ ಹೆಚ್ಚಿಸಿದಾಗ ಅದು ಅಕ್ಕಪಕ್ಕಕ್ಕೆ ಹರಡಿಕೊಳ್ಳಬೇಕು. 20.02ರ ರಾಶಿ ಹಾಗೆಯೇ ಹರಡಿತು. ಆದರೆ 20.000ರಲ್ಲಿ 460 ತುಂಡುಗಳು ಉಳಿದವು, 19.999 ಮತ್ತು 20.001ರಲ್ಲಿ ಮಾತ್ರ ನಿರೀಕ್ಷೆಯಂತೆ ತಲಾ 200ರ ಆಸುಪಾಸು. ಮೂರನೇ ಸ್ಥಾನದಲ್ಲೂ ಕರಗದ ಇಂಥ ರಾಶಿಯೆಂದರೆ ಆ ಬಿಂದುವಿಗೆ ನಿಜವಾಗಿಯೂ ಪಾಲಿದೆ, ವಿತರಣೆ ಅಲ್ಲಿ ನಿರಂತರವಲ್ಲ ಎಂದರ್ಥ. ಕಡೆಯುವ ಯಂತ್ರಕ್ಕೆ ಒಂದು ಸಂಖ್ಯೆಯ ಮೇಲೆ ಅಂಥ ಪ್ರೀತಿ ಇರಲಾರದೆಂದು ಅಳತೆ ದಾಖಲಿಸುವ ಪರದೆಯನ್ನು ತೆರೆದು ನೋಡಿದೆವು. ಅಳತೆಯ ಜಾಗದಲ್ಲಿ 20.000 ಎಂಬುದು ಮೊದಲೇ ತುಂಬಿಕೊಂಡಿರುತ್ತಿತ್ತು, ಅವಸರದಲ್ಲಿದ್ದವರು ಅದನ್ನು ಬದಲಿಸದೆ ಎಂಟರ್ ಒತ್ತುತ್ತಿದ್ದರು. ಆ ಜಾಗವನ್ನು ಖಾಲಿ ಬಿಟ್ಟ ನಂತರದ ಕಂತಿನಲ್ಲಿ 20.000ರ ಮೇಲೆ ನಿಂತವು 196.